ಘಟ್ಟದ ತೋಟಕ್ಕೆ ಗುಳೆ ಹೋದವರು ಮತ್ತು ಕಡಿದ ಕಾಡು: ಬ್ರಿಟಿಷರ ಕಾಲದ ಕಾಫಿ ಸೀಮೆಯ ಬಗ್ಗೆ ಎರಡು ಪ್ರಶ್ನೆಗಳು

ಗವಿಸಿದ್ಧಮ್ಮ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಒಂದು ಸಂಗತಿಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ನಮ್ಮ ಅಜ್ಜನ ಅಜ್ಜನಿಗೆ ಒಬ್ಬ ತಮ್ಮನಿದ್ದನಂತೆ. ದೊಡ್ಡ ಬರಗಾಲದಲ್ಲಿ ಯಾರೋ ಮೇಸ್ತ್ರಿಯ ಕೈಯಿಂದ ಮುಂಗಡ ಹಣ ಪಡೆದು, ಅದನ್ನು ಮನೆಗೆ ಕೊಟ್ಟು, ಆತ "ಘಟ್ಟದ ತೋಟ"ಕ್ಕೆ ಗುಳೆ ಹೋದನಂತೆ. ಎರಡು ಸಲ ಊರಿಗೆ ಬಂದು ಹೋದವನು ಮೂರನೆಯ ಸಲ ಮರಳಲಿಲ್ಲ. ಕಾಫಿ ತೋಟವೆಂದೇ ನಮ್ಮ ಮನೆಯ ಹಿರಿಯರು ಹೇಳುತ್ತಾರೆ, ಆದರೆ ಊರಿನ ಹೆಸರು ಯಾರಿಗೂ ತಿಳಿಯದು.

ನನ್ನ ಮೊದಲನೆಯ ಪ್ರಶ್ನೆ ಇದು: ನಮ್ಮ ಭಾಗದಿಂದ ಆ ಕಾಲದಲ್ಲಿ ಕಾಫಿ ತೋಟಗಳಿಗೆ ಜನ ಹೋಗುವುದು ಸಾಧ್ಯವಿತ್ತೆ?

ಎರಡನೆಯದು ಈ ವರ್ಷದ ಜನವರಿಯಲ್ಲಿ ಸೋಮವಾರಪೇಟೆಯ ಹತ್ತಿರ ಗೆಳತಿಯೊಬ್ಬಳ ತೋಟಕ್ಕೆ ಹೋದಾಗ ಹುಟ್ಟಿದ್ದು. ಅಲ್ಲಿನ ಹಿರಿಯರು ಎತ್ತರದ ಮರಗಳನ್ನು ತೋರಿಸಿ, "ಇದು ಹಳೆಯ ಕಾಡೇ, ನಮ್ಮ ಹಿರಿಯರು ಅದರ ಕೆಳಗೆ ಕಾಫಿ ನೆಟ್ಟರಷ್ಟೆ" ಎಂದರು. ಬ್ರಿಟಿಷರು ಕಾಡನ್ನು ಕಡಿದು ಕಾಫಿ ಹಾಕಿದರೆಂದು ನಾನು ಮಕ್ಕಳಿಗೆ ಪಾಠ ಹೇಳಿಕೊಂಡು ಬಂದಿದ್ದೇನೆ. ಇವೆರಡರಲ್ಲಿ ಯಾವುದು ಸರಿ?

ಹನುಮೇಶ, ಸಿಂಧನೂರು

ಮೇಡಂ, ನೀವು ಮಕ್ಕಳಿಗೆ ಹೇಳಿದ್ದೇ ಸರಿ. ಬ್ರಿಟಿಷರು ಬರುವ ಮೊದಲು ಅಲ್ಲಿ ಕಾಫಿಯೇ ಇರಲಿಲ್ಲ. ಅವರು ಬಂದು ಇಡೀ ಕಾಡನ್ನು ಕಡಿದು ಸುಟ್ಟರು, ಆಮೇಲೆ ನೆರಳಿಗೆಂದು ಸಿಲ್ವರ್ ಮರಗಳನ್ನು ನೆಟ್ಟರು. ಈಗ ಅಲ್ಲಿ ಕಾಣುವುದು ಕಾಡಲ್ಲ, ನೆಟ್ಟ ಮರಗಳು. ಜನರ ವಿಷಯವೂ ಸ್ಪಷ್ಟವಾಗಿಯೇ ಇದೆ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಜನ ಸಾವಿರಾರು ಸಂಖ್ಯೆಯಲ್ಲಿ ಕಾಫಿ ತೋಟಗಳಿಗೆ ಹೋದರು. ನಿಮ್ಮ ಹಿರಿಯರೂ ಅವರಲ್ಲಿ ಒಬ್ಬರು.

ವಿರೂಪಾಕ್ಷಯ್ಯ, ಬಳ್ಳಾರಿ

ಗವಿಸಿದ್ಧಮ್ಮನವರೆ, ನಾನು ಹನ್ನೊಂದು ವರ್ಷ ಕೊಡಗಿನಲ್ಲಿ ಕಾಫಿ ಬೆಳೆಗಾರರ ನಡುವೆ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಮರಳಿದವನು. ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಹನುಮೇಶ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ತೋಟದ ಹಿರಿಯರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಎರಡರ ನಡುವೆ ಒಂದು ಹುಳುವಿದೆ.

ಕಾಫಿ ಬ್ರಿಟಿಷರಿಗಿಂತ ಹಳೆಯದು. ಬಾಬಾಬುಡನ್‌ಗಿರಿಯ ಕಥೆ ಎಲ್ಲರಿಗೂ ಗೊತ್ತು. ಕೊಡಗಿನ ನಾಲ್ಕುನಾಡಿನ ಕಡೆಯಲ್ಲಿಯೂ ಯುರೋಪಿಯನ್ನರ ತೋಟಗಳಿಗೆ ಮೊದಲೇ ಹಿತ್ತಲ ಗಿಡಗಳಿದ್ದವು. ಆದರೆ ಹಿತ್ತಲಿನ ಗಿಡ ಕಾಡನ್ನು ಬದಲಿಸುವುದಿಲ್ಲ. ಕಾಡನ್ನು ಬದಲಿಸಿದ್ದು ನೂರಾರು ಎಕರೆಯನ್ನು ಒಂದೇ ಸಲಕ್ಕೆ ತೆರೆಯುವ ತೋಟ. ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಅಲ್ಲಿನ ಮೊದಲ ಯುರೋಪಿಯನ್ ತೋಟವನ್ನು ಫೌಲರ್ ಎಂಬಾತ ಮಡಿಕೇರಿಯ ಹತ್ತಿರ ತೆರೆದದ್ದು 1854ರಲ್ಲಿ. ಅದಾದ ಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಮಡಿಕೇರಿಯ ಸುತ್ತಲೂ ಸಂಪಾಜೆ ಘಟ್ಟದ ಇಳಿಜಾರುಗಳಲ್ಲಿಯೂ ಒಂದರ ಹಿಂದೆ ಒಂದು ತೋಟಗಳು ಎದ್ದವು.

ಅವರು ಕಾಡು ಕಡಿದ ರೀತಿಯನ್ನು ತಿಳಿದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಮೊದಲು ಕುರುಚಲನ್ನು ಸವರುತ್ತಿದ್ದರು. ಅನಂತರ ಇಳಿಜಾರಿನ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಪ್ರತಿ ಮರಕ್ಕೂ ಅರ್ಧದವರೆಗೆ ಮಾತ್ರ ಕೊಡಲಿ ಪೆಟ್ಟು ಹಾಕಿ ನಿಲ್ಲಿಸುತ್ತಿದ್ದರು. ಕೊನೆಗೆ ಮೇಲ್ತುದಿಯ ಸಾಲನ್ನು ಪೂರ್ತಿ ಕಡಿದಾಗ ಆ ಮರಗಳು ಕೆಳಗಿನವುಗಳ ಮೇಲೆ ಬಿದ್ದು, ಅವು ತಮ್ಮ ಕೆಳಗಿನವುಗಳನ್ನು ಕೆಡವಿ, ಇಡೀ ಇಳಿಜಾರು ಒಂದೇ ಸದ್ದಿನಲ್ಲಿ ನೆಲಕ್ಕೆ ಒರಗುತ್ತಿತ್ತು. ಬೇಸಿಗೆಯವರೆಗೆ ಒಣಗಲು ಬಿಟ್ಟು, ಮುಂಗಾರಿಗೆ ಮೊದಲು ಬೆಂಕಿ ಇಡುತ್ತಿದ್ದರು. ಬೂದಿಯ ನೆಲದಲ್ಲಿ ಗೂಟ ಹೊಡೆದು, ಗುಂಡಿ ತೆಗೆದು, ಮಳೆ ಹಿಡಿದಾಗ ಸಸಿ ನೆಡುತ್ತಿದ್ದರು. ಆರಡಿಗೆ ಒಂದರಂತೆ ನೆಟ್ಟರೆ ಎಕರೆಗೆ 1,210 ಗಿಡ ಹಿಡಿಯುತ್ತವೆ. ನೆರಳಿಗೆಂದು ಒಂದು ಮರವನ್ನೂ ಉಳಿಸದ ತೋಟಗಳು ಆಗ ಅನೇಕ. ಇದು ಸಿಂಹಳದ ಪದ್ಧತಿ. ಕಾಫಿಗೆ ಪೂರ್ತಿ ಬಿಸಿಲು ಬಿದ್ದರೆ ಫಸಲು ಹೆಚ್ಚು ಎಂಬುದು ಅವರ ನಂಬಿಕೆಯಾಗಿತ್ತು.

ಮೊದಲ ಕೆಲವು ವರ್ಷ ಆ ನಂಬಿಕೆ ನಿಜವೆಂದೇ ತೋರಿತು. ನೂರಾರು ವರ್ಷ ಎಲೆ ಉದುರಿ ಆದ ಮಣ್ಣು, ಅದರ ಮೇಲೆ ಬೂದಿ, ಹೀಗಿದ್ದಾಗ ಗಿಡ ಬೆಳೆಯದೆ ಇದ್ದೀತೆ? ಆದರೆ ಮಡಿಕೇರಿಯಂಥ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬರಿಯ ಇಳಿಜಾರಿನ ಮೇಲ್ಮಣ್ಣು ಕೊಚ್ಚಿ ಹೋಯಿತು. ಅಷ್ಟರಲ್ಲಿ 1860ರ ದಶಕದ ನಡುವಿನಲ್ಲಿ ಮಳೆ ಕಡಿಮೆಯಾದ ಕೆಲವು ವರ್ಷಗಳು ಬಂದವು, ಅವುಗಳ ಜೊತೆಯಲ್ಲಿಯೇ ಕಾಂಡಕೊರಕವೂ ಬಂದಿತು.

ಈ ಹುಳುವನ್ನು ನಾನು ಕೈಯಾರೆ ಕಾಂಡ ಸೀಳಿ ತೋರಿಸಿದವನು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇದರ ದುಂಬಿ ಬಿಸಿಲನ್ನು ಬಯಸುತ್ತದೆ. ಬಿಸಿಲು ನೇರವಾಗಿ ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ತಿಂಗಳುಗಟ್ಟಲೆ ಮರವನ್ನು ಕೊರೆಯುತ್ತದೆ, ಹಿಂದೆ ಬಿಟ್ಟ ಪುಡಿಯಿಂದ ತಾನು ಬಂದ ದಾರಿಯನ್ನೇ ಬಿಗಿಯಾಗಿ ಮುಚ್ಚಿಕೊಳ್ಳುತ್ತ ಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ಕಾಂಡದ ಮೇಲೆ ಉಬ್ಬಿದ ಗೆರೆಗಳು ಮತ್ತು ಹಳದಿಗೆ ತಿರುಗಿ ಜೋಲುವ ಎಲೆಗಳು ಕಾಣುತ್ತವೆ. ಅದು ಕಾಣುವ ಹೊತ್ತಿಗೆ ಗಿಡವನ್ನು ಕಿತ್ತು ಸುಡುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ. ನೆರಳೇ ಇಲ್ಲದ ನೂರಾರು ಎಕರೆ ಅರೇಬಿಕಾ ಕಾಫಿ ಎಂದರೆ ಈ ದುಂಬಿಗೆ ಬಾಗಿಲು ತೆರೆದಿಟ್ಟ ಕಣಜವಿದ್ದಂತೆ.

ಮದ್ರಾಸ್ ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯನನ್ನು ತನಿಖೆಗೆ ಕಳುಹಿಸಿತು. 1868ರಲ್ಲಿ ತೋಟಗಳನ್ನು ಸುತ್ತಿ ಆತ ಬರೆದ ವರದಿಯ ಸಾರವೇನೆಂದರೆ, ಕಾಡನ್ನು ಪೂರ್ತಿ ತೆಗೆದದ್ದರಿಂದ ನೆಲ ಒಣಗಿತು, ನೆರಳಿಲ್ಲದ ಗಿಡ ಸೊರಗಿತು, ಸೊರಗಿದ ಗಿಡಕ್ಕೆ ಹುಳು ಬಿದ್ದಿತು, ಆದ್ದರಿಂದ ನೆರಳು ಕೊಡಬೇಕು. ದಕ್ಷಿಣ ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆ ಬಿದಿರು ಸೀಮೆ ಎಂದು ಕರೆಯುತ್ತಿದ್ದ ಒಣ ಭಾಗದಲ್ಲಿ ನೆರಳನ್ನು ಉಳಿಸಿಕೊಂಡ ತೋಟಗಳು ಬಾಳಿದವು. ಮಡಿಕೇರಿ ಮತ್ತು ಸಂಪಾಜೆಯ ಬರಿಯ ಇಳಿಜಾರಿನ ತೋಟಗಳಲ್ಲಿ ಅನೇಕವನ್ನು ಬಿಟ್ಟುಹೋದರು. ಬಿಟ್ಟ ನೆಲಕ್ಕೆ ಕಾಡು ಮರಳಲಿಲ್ಲ, ಲಂಟಾನ ಹಬ್ಬಿತು.

ಹೀಗಾಗಿ ನಿಮ್ಮ ಗೆಳತಿಯ ತೋಟದ ಮರಗಳು ಹಳೆಯ ಕಾಡಿನಿಂದ ಉಳಿಸಿಕೊಂಡವೂ ಆಗಿರಬಹುದು, ಹುಳುವಿನ ಪಾಠ ಕಲಿತ ಮೇಲೆ ನೆಟ್ಟವೂ ಆಗಿರಬಹುದು. ಅತ್ತಿ, ಬಸರಿ, ಗೋಣಿ, ಹೆಬ್ಬಲಸು ಮುಂತಾದವು ಇದ್ದ ಮಾತ್ರಕ್ಕೆ ಕಾಡು ಕಡಿಯಲೇ ಇಲ್ಲವೆಂದು ಹೇಳಲಾಗದು. ಒಂದು ಗುರುತು ಹೇಳುತ್ತೇನೆ. ಮರಗಳ ದಪ್ಪ ಹೆಚ್ಚುಕಡಿಮೆ ಒಂದೇ ಆಗಿದ್ದು, ನಾಲ್ಕಾರು ಜಾತಿಗಳು ಮಾತ್ರ ಮತ್ತೆ ಮತ್ತೆ ಕಂಡರೆ ಅದು ನೆಟ್ಟ ನೆರಳು. ಎಳೆಯದು, ಮುದಿಯದು, ಹೆಸರು ಗೊತ್ತಿಲ್ಲದ್ದು ಎಲ್ಲ ಕಲಸಿಕೊಂಡಿದ್ದರೆ ಅದು ಬಹುಮಟ್ಟಿಗೆ ಉಳಿಸಿದ ನೆರಳು.

ಫಾತಿಮಾ, ರಾಯಚೂರು

ವಿರೂಪಾಕ್ಷಯ್ಯ ಸರ್ ಅವರ ವಿವರಣೆಗೆ ಒಂದನ್ನು ಸೇರಿಸಬೇಕೆನಿಸುತ್ತದೆ. ಹುಳುವಿನ ಕಥೆಯಲ್ಲಿ ತೋಟದ ಮಾಲೀಕ ತಪ್ಪು ಮಾಡಿ ತಿದ್ದಿಕೊಂಡವನಂತೆ ಕಾಣುತ್ತಾನೆ. ಆ ತಪ್ಪನ್ನು ಮಾಡಲು ಅವನಿಗೆ ಕಾಡು ಸಿಕ್ಕಿದ್ದು ಹೇಗೆ ಎಂಬುದನ್ನೂ ಕೇಳಬೇಕು. ಬೆಟ್ಟದ ಜನ ಒಂದು ತುಂಡು ಕಾಡು ಸವರಿ, ಸುಟ್ಟು, ಒಂದೆರಡು ಬೆಳೆ ತೆಗೆದು, ಮುಂದೆ ಹೋಗಿ, ಆ ತುಂಡು ಮತ್ತೆ ಕಾಡಾಗಲು ಬಿಡುತ್ತಿದ್ದ ಕುಮರಿ ಬೇಸಾಯವನ್ನು ಅರಣ್ಯಾಧಿಕಾರಿಗಳು ಕಾಡಿನ ಶತ್ರುವೆಂದು ಬರೆದರು. 1860ರಲ್ಲಿ ಮದ್ರಾಸ್ ಸರ್ಕಾರ ಕೆನರಾ ಸೀಮೆಯ ಸರ್ಕಾರಿ ಕಾಡುಗಳಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡಬಾರದೆಂದು ಆಜ್ಞೆ ಹೊರಡಿಸಿತು. ಅದೇ ದಶಕದಲ್ಲಿ ಘಟ್ಟದ ಮೇಲೆ ಅದೇ ಬೆಂಕಿಯನ್ನು ನೂರಾರು ಎಕರೆಗೆ ಇಟ್ಟವನಿಗೆ "ಪಾಳು ಜಮೀನು" ಎಂಬ ಹೆಸರಿನಲ್ಲಿ ಪಟ್ಟೆ ಸಿಗುತ್ತಿತ್ತು. ಮರ ತುಂಬಿದ ಕಾಡನ್ನು ಪಾಳು ಎಂದು ಕರೆದ ಆ ಒಂದು ಶಬ್ದದಿಂದಲೇ ನನ್ನ ಪ್ರಕಾರ ಭೂದೃಶ್ಯ ಬದಲಾಗತೊಡಗಿತು.

ಇನ್ನೂ ನೋವಿನ ಸಂಗತಿ ಇದೆ. ಆ ಮರಗಳಿಗೆ ಕೊಡಲಿ ಹಾಕಲು ತೋಟದವರು ಕರೆಯುತ್ತಿದ್ದುದು ಕಾಡಿನಲ್ಲಿಯೇ ಹುಟ್ಟಿ ಬೆಳೆದ ಕುರುಬರನ್ನು. ಮರವನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಶಿವಲಿಂಗ, ಸಂಡೂರು

ನಮ್ಮ ಸಂಡೂರಿನ ಗುಡ್ಡಗಳನ್ನು ಮರೆಯಬೇಡಿ. ರಾಮನದುರ್ಗದಲ್ಲಿ ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರಿಗೆ ಆರೋಗ್ಯಧಾಮ ಇತ್ತು, ಅವರ ಕಟ್ಟಡಗಳು ಇದ್ದವು. ಸುಮಾರು ಮೂರು ಸಾವಿರ ಅಡಿ ಎತ್ತರ, ತಂಪು ಗಾಳಿ. ಅಲ್ಲಿಯೂ ಬ್ರಿಟಿಷರು ಕಾಡು ಕಡಿದು ಕಾಫಿ ಹಾಕಿದ್ದರೆ ಗವಿಸಿದ್ಧಮ್ಮನವರ ಹಿರಿಯರು ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ. "ಘಟ್ಟ" ಎಂದರೆ ಇದೇ ಗುಡ್ಡ ಇರಬಹುದಲ್ಲವೆ?

ವಿರೂಪಾಕ್ಷಯ್ಯ, ಬಳ್ಳಾರಿ

ಶಿವಲಿಂಗ ಅವರೆ, ಎತ್ತರವೊಂದೇ ಸಾಲದು. ಅರೇಬಿಕಾಗೆ ವರ್ಷಕ್ಕೆ ಒಂದೂವರೆ ಸಾವಿರ ಮಿಲಿಮೀಟರಿನ ಮೇಲೆ ಮಳೆ ಬೇಕು. ಅದಕ್ಕಿಂತ ಮುಖ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬೇಕು. ಆ ಒಂದು ಮಳೆ ತಪ್ಪಿದರೆ ಮೊಗ್ಗು ಅರಳದೆ ಒಣಗುತ್ತದೆ. ನಮ್ಮ ಸಂಡೂರಿನ ಮಳೆ ಅದರ ಹತ್ತಿರವೂ ಬರುವುದಿಲ್ಲ. ರಾಮನದುರ್ಗ ಅವರಿಗೆ ದಣಿವಾರಿಸಿಕೊಳ್ಳುವ ಜಾಗವಾಗಿತ್ತು.

ಫಾತಿಮಾ ಅವರ ಮಾತನ್ನು ಒಪ್ಪುತ್ತೇನೆ. ಕೊಡಗಿನಲ್ಲಿ ಅದಕ್ಕೆ ಇನ್ನೊಂದು ಎಳೆ ಇದೆ. ಕೊಡವ ಮನೆತನಗಳ ಗದ್ದೆಗೆ ಸೇರಿಕೊಂಡು ಬಾಣೆ ಎಂಬ ಕಾಡಿನ ಜಮೀನು ಇರುತ್ತಿತ್ತು, ಸೊಪ್ಪು, ಸೌದೆ, ದನ ಮೇಯಿಸಲು. ಬಾಣೆಯಲ್ಲಿ ಕಾಫಿ ಬಂದ ಮೇಲೆಯೂ ಅನೇಕ ಕಡೆ ನೆಲದ ಹಕ್ಕು ಒಬ್ಬರದು, ಮರದ ಹಕ್ಕು ಸರ್ಕಾರದ್ದು ಎಂದು ಉಳಿಯಿತು. ಬೆಲೆ ಕಟ್ಟಿ ಮರದ ಹಕ್ಕನ್ನು ಬಿಡಿಸಿಕೊಂಡದ್ದು ರಿಡೀಮ್ಡ್, ಬಿಡಿಸಿಕೊಳ್ಳದೆ ಉಳಿದದ್ದು ಅನ್‌ರಿಡೀಮ್ಡ್ ಎಂದು ಕೊಡಗಿನವರು ಇಂದಿಗೂ ಜಮೀನನ್ನು ಗುರುತಿಸುವುದು ಇದರಿಂದಲೇ. ತನ್ನದಲ್ಲದ ಬೀಟೆ ಮರವನ್ನು ರೈತ ಕಾಯುತ್ತಾನೆ, ಆದರೆ ಅದು ಬಿದ್ದ ಜಾಗದಲ್ಲಿ ಇನ್ನೊಂದು ಬೀಟೆಯನ್ನು ನೆಡುವುದಿಲ್ಲ. ಕಡಿದು ಮಾರಲು ತೊಡಕಿಲ್ಲದ ಸಿಲ್ವರ್ ನೆಡುತ್ತಾನೆ. ಹನುಮೇಶ ಅವರು ಕಂಡ ಸಿಲ್ವರ್ ಸಾಲುಗಳಲ್ಲಿ ಎಷ್ಟೋ ಸಾಲುಗಳ ಹಿಂದೆ ಇರುವುದು ಈ ಲೆಕ್ಕಾಚಾರವೇ ಹೊರತು ಬ್ರಿಟಿಷ್ ತೋಟಗಾರನ ಕೈಯಲ್ಲ.

ಹನುಮೇಶ, ಸಿಂಧನೂರು

ಸಿಲ್ವರ್ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ನಾನು ಮುನ್ನಾರ್ ಮತ್ತು ಊಟಿಯಲ್ಲಿ ನೋಡಿದ್ದು ಹಾಗಿರಲಿಲ್ಲ. ಅಲ್ಲಿ ಗುಡ್ಡದ ಮೇಲೆ ಗುಡ್ಡ, ಕಣ್ಣು ಹಾಯುವವರೆಗೂ ಕತ್ತರಿಸಿದ ಹಸಿರು, ನಡುವೆ ಒಂದೊಂದು ಮರ. ಅಲ್ಲಿ ಕಾಡು ಪೂರ್ತಿ ಹೋಗಿದೆ ಎಂಬುದಾದರೂ ನಿಜ ತಾನೆ?

ವಿರೂಪಾಕ್ಷಯ್ಯ, ಬಳ್ಳಾರಿ

ನಿಜ, ಏಕೆಂದರೆ ಅದು ಚಹಾ. ಕಾಫಿಗೆ ಹಣ್ಣು ಬೇಕು, ಚಹಾಕ್ಕೆ ಚಿಗುರು ಬೇಕು. ಚಿಗುರಿಗಾಗಿ ಗಿಡವನ್ನು ಸೊಂಟದೆತ್ತರಕ್ಕೆ ಕತ್ತರಿಸುತ್ತಲೇ ಇರುವ ಬೆಳೆಯಲ್ಲಿ ದಟ್ಟ ನೆರಳಿಗೆ ಸ್ಥಳವಿಲ್ಲ. 1869ರಲ್ಲಿ ಸಿಂಹಳದ ಕಾಫಿಗೆ ಎಲೆ ತುಕ್ಕುರೋಗ ಬಿದ್ದು, ಮುಂದಿನ ವರ್ಷಗಳಲ್ಲಿ ಅಲ್ಲಿನ ತೋಟಗಳು ಚಹಾಕ್ಕೆ ತಿರುಗಿದವು. ನಮ್ಮ ದಕ್ಷಿಣದ ಎತ್ತರದ ಬೆಟ್ಟಗಳಲ್ಲಿಯೂ ಅನೇಕ ಕಡೆ ಹಾಗೆಯೇ ಆಯಿತು. ಊಟಿಯ ವಿಷಯದಲ್ಲಿ ಒಂದು ತಿದ್ದುಪಡಿ ಮಾಡಬೇಕು. ಅಲ್ಲಿ ಹೋದದ್ದು ಕಾಡು ಮಾತ್ರವಲ್ಲ, ಹುಲ್ಲುಗಾವಲು ಕೂಡ. ಕಣಿವೆಯಲ್ಲಿ ಶೋಲಾ ಕಾಡು, ಮೇಲೆ ಹುಲ್ಲು, ಇದು ನೀಲಗಿರಿಯ ಹುಟ್ಟು ಸ್ವರೂಪ. ಆ ಹುಲ್ಲಿನ ಮೇಲೆ ಚಹಾವೂ, ಉರುವಲಿಗೆಂದು ತಂದ ನೀಲಗಿರಿ ಮರವೂ ಬಂದವು. ಆ ಮರಕ್ಕೆ ನಾವು ಆ ಬೆಟ್ಟದ ಹೆಸರನ್ನೇ ಇಟ್ಟುಕೊಂಡಿದ್ದೇವೆ, ಆದರೆ ಅದರ ಊರು ಆಸ್ಟ್ರೇಲಿಯಾ. ಗವಿಸಿದ್ಧಮ್ಮನವರ ಪ್ರಶ್ನೆ ಕಾಫಿಯದಾದ್ದರಿಂದ ಇದನ್ನು ಇಲ್ಲಿಗೆ ಬಿಡುತ್ತೇನೆ.

ಅಮರೇಶ, ಮಸ್ಕಿ

ನಾನು ಓದಿದವನಲ್ಲ, ಆದರೆ ಮುಂಗಡದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಆರು ವರ್ಷದಿಂದ ನಮ್ಮ ಊರಿನ ಇಪ್ಪತ್ತು ಇಪ್ಪತ್ತೈದು ಜನರನ್ನು ಕಟ್ಟಿಕೊಂಡು ಡಿಸೆಂಬರ್‌ನಲ್ಲಿ ಮೂಡಿಗೆರೆಯ ಕಡೆ ಕಾಫಿ ಕೊಯ್ಲಿಗೆ ಹೋಗುತ್ತೇನೆ. ತೋಟದವರು ನನ್ನ ಕೈಗೆ ಮುಂಗಡ ಕೊಡುತ್ತಾರೆ, ನಾನು ಮನೆ ಮನೆಗೆ ಹಂಚುತ್ತೇನೆ. ಕೊಯ್ದ ಹಣ್ಣನ್ನು ಸಂಜೆ ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುತ್ತಾರೆ. ಹೋದ ವರ್ಷ ಒಂದು ತೋಟದಲ್ಲಿ ತೂಕದ ಲೆಕ್ಕ ನಮಗೂ ಅವರಿಗೂ ಹೊಂದಲಿಲ್ಲ. ನಮ್ಮವರಲ್ಲಿ ನಾಲ್ಕು ಜನ ರಾತ್ರೋರಾತ್ರಿ ಬಸ್ಸು ಹತ್ತಿ ಊರಿಗೆ ಬಂದರು. ಅವರ ಮುಂಗಡವನ್ನು ನಾನೇ ತುಂಬಿಕೊಟ್ಟೆ, ಇನ್ನೂ ನನಗೆ ಮರಳಿ ಬಂದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಹಿಂದಿನ ಕಾಲದಲ್ಲಿ ಹೀಗೆ ಆಳು ಬಿಟ್ಟು ಬಂದರೆ ಏನು ಮಾಡುತ್ತಿದ್ದರು? ಮೇಸ್ತ್ರಿಯ ತಲೆಯ ಮೇಲೆಯೇ ಬರುತ್ತಿತ್ತೆ?

ವಿರೂಪಾಕ್ಷಯ್ಯ, ಬಳ್ಳಾರಿ

ಅಮರೇಶ ಅವರೆ, ನೀವು ಬರೆದದ್ದರಿಂದ ಗವಿಸಿದ್ಧಮ್ಮನವರ ಮೊದಲ ಪ್ರಶ್ನೆಗೆ ದಾರಿ ಸಿಕ್ಕಿತು. ಅಂದಿನ ಏರ್ಪಾಡು ನಿಮ್ಮದರಂತೆಯೇ ಇತ್ತು. ತೋಟದ ದೊರೆ ಮೇಸ್ತ್ರಿಗೆ ಹಣ ಕೊಡುತ್ತಿದ್ದ, ಮೇಸ್ತ್ರಿ ಬಯಲುಸೀಮೆಯ ಹಳ್ಳಿಗಳಲ್ಲಿ ಆಳುಗಳಿಗೆ ಮುಂಗಡ ಹಂಚಿ ಕರೆತರುತ್ತಿದ್ದ. ಆಳುಗಳ ದುಡಿಮೆಯ ಮೇಲೆ ಮೇಸ್ತ್ರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತರಂತೆ ಕಮಿಷನ್ ಸಿಗುತ್ತಿತ್ತು. ತೋಟದವನಿಗೆ ಆಳಿನ ಹೆಸರು ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಸಾಲ ಹೇಗೆ ತೀರದೆ ಉಳಿಯುತ್ತಿತ್ತು ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ತೋರಿಸುತ್ತೇನೆ. ಒಬ್ಬ ಆಳು ಹದಿನೈದು ರೂಪಾಯಿ ಮುಂಗಡ ಪಡೆದನೆಂದೂ, ದಿನಗೂಲಿ ನಾಲ್ಕಾಣೆ ಎಂದೂ ಇಟ್ಟುಕೊಳ್ಳೋಣ. ತಿಂಗಳಿಗೆ ಇಪ್ಪತ್ತಾರು ದಿನ ದುಡಿದರೆ ಆರೂವರೆ ರೂಪಾಯಿ. ಆದರೆ ಮಲೆನಾಡಿನ ಚಳಿಜ್ವರ ಯಾರನ್ನೂ ಬಿಡುತ್ತಿರಲಿಲ್ಲ, ಮಲಗಿದ ದಿನಕ್ಕೆ ಕೂಲಿ ಇಲ್ಲ. ಇಪ್ಪತ್ತೇ ದಿನ ದುಡಿದನೆಂದರೆ ಐದು ರೂಪಾಯಿ. ಅಕ್ಕಿ, ರಾಗಿ, ಉಪ್ಪು, ಮೆಣಸಿನಕಾಯಿ ಎಂದು ಮೂರು ರೂಪಾಯಿ ಮುರಿದುಕೊಂಡರೆ ಉಳಿಯುವುದು ಎರಡು. ಐದು ತಿಂಗಳಿಗೆ ಹತ್ತು ರೂಪಾಯಿ ತೀರುತ್ತದೆ, ಐದು ರೂಪಾಯಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಊರಿಗೆ ಮರಳುವಾಗ ಬರಿಗೈಯಲ್ಲಿ ಬರಲಾಗದೆ ಮತ್ತೆ ಮುಂಗಡ ಕೇಳಿದರೆ ಸಾಲ ಇಪ್ಪತ್ತಾಗುತ್ತದೆ. ಈ ಲೆಕ್ಕದಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಿ. ತಿಂಗಳಿಗೆ ಆರು ದಿನದ ಜ್ವರವೊಂದೇ ಸಾಕು.

ಫಾತಿಮಾ, ರಾಯಚೂರು

ಅಮರೇಶ ಅಣ್ಣ ಕೇಳಿದ್ದಕ್ಕೆ ಉತ್ತರ ಕಾನೂನಿನಲ್ಲಿದೆ. ಬ್ರಿಟಿಷ್ ಸರ್ಕಾರ 1859ರಲ್ಲಿ ಕೆಲಸದ ಕರಾರು ಮುರಿದ ಆಳುಗಳಿಗಾಗಿಯೇ ಒಂದು ಕಾಯ್ದೆ ಮಾಡಿತು. ಮುಂಗಡ ಪಡೆದು ಕೆಲಸ ಬಿಟ್ಟವನ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದಿತ್ತು. ಹಣ ಮರಳಿಸು, ಇಲ್ಲವೆ ಕೆಲಸ ಮುಗಿಸು ಎಂದು ಆಜ್ಞೆಯಾಗುತ್ತಿತ್ತು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸೆರೆ. ಕೂಲಿ ಕೊಡದ ಮಾಲೀಕನನ್ನು ಇದೇ ಕಾಯ್ದೆಯಡಿ ಸೆರೆಗೆ ಕಳುಹಿಸಲು ಆಳಿಗೆ ಅವಕಾಶವಿರಲಿಲ್ಲ. ಸಾಮಾನ್ಯವಾಗಿ ಸಾಲ ಎಂಬುದು ಸಿವಿಲ್ ವ್ಯಾಜ್ಯ. ಕೂಲಿಯವನ ಸಾಲವನ್ನು ಮಾತ್ರ ಅಪರಾಧವಾಗಿ ಮಾಡಿದ ಈ ಕಾಯ್ದೆ 1920ರ ದಶಕದ ನಡುವಿನವರೆಗೂ ಉಳಿಯಿತು. ನಿಮ್ಮ ನಾಲ್ಕು ಜನ ಬಸ್ಸು ಹತ್ತಿ ಬಂದದ್ದು ಆಗಿನ ಕಾಲದಲ್ಲಾಗಿದ್ದರೆ ಅವರ ಹಿಂದೆ ವಾರಂಟ್ ಬರಬಹುದಾಗಿತ್ತು.

ಗವಿಸಿದ್ಧಮ್ಮ ಅಕ್ಕ, ಇಲ್ಲಿ ನಿಮ್ಮ ಊರಿನ ವಿಷಯ ಬೇರೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕೊಪ್ಪಳ ಮತ್ತು ರಾಯಚೂರು ನಿಜಾಮರ ರಾಜ್ಯದಲ್ಲಿದ್ದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರು. ಓಡಿಬಂದ ಆಳು ತುಂಗಭದ್ರೆ ದಾಟಿ ಈಚೆಗೆ ಬಂದರೆ ಬ್ರಿಟಿಷ್ ಮ್ಯಾಜಿಸ್ಟ್ರೇಟನ ಕೈ ಅವನಿಗೆ ಅಷ್ಟು ಸುಲಭವಾಗಿ ಎಟುಕುತ್ತಿರಲಿಲ್ಲ. ಹಾಗಿದ್ದ ಮೇಲೆ ಮುಂಗಡ ಹಂಚುವ ಮೇಸ್ತ್ರಿ ನದಿ ದಾಟಿ ಬರಲು ಹಿಂಜರಿಯುತ್ತಿದ್ದನೆ, ಅಥವಾ ನಿಮ್ಮ ಹಿರಿಯರೇ ಬಳ್ಳಾರಿಯ ಕಡೆಯ ಸಂತೆಗೆ ಹೋಗಿ ಮುಂಗಡ ಪಡೆದರೆ ಎಂಬುದು ನನಗೆ ಬಹಳ ಮುಖ್ಯವಾದ ಪ್ರಶ್ನೆಯೆಂದು ತೋರುತ್ತದೆ.

ಹನುಮೇಶ, ಸಿಂಧನೂರು

ಆದರೆ ಬರಗಾಲದಲ್ಲಿ ಮೇಸ್ತ್ರಿ ಹಿಂಜರಿದರೂ ಜನ ಹಿಂಜರಿಯುತ್ತಿರಲಿಲ್ಲ. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತ್ಯದ ಬರ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಎಂದು ಕೂಲಿ ಇಳಿಸಿದ. ಅರ್ಧ ಕಿಲೋಗಿಂತ ಕಡಿಮೆ ಕಾಳು ತಿಂದು ಕಲ್ಲು ಒಡೆಯಬೇಕು. ಆ ಜನರಿಗೆ ನಾಲ್ಕಾಣೆಯ ಕೂಲಿ ಎಂದರೆ ಎಷ್ಟು ದೂರವಾದರೂ ದೂರವಾಗಿ ಕಂಡೀತೆ? 1871ರಿಂದ 1881ರ ಜನಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಗ್ಗಿತು. ಅವರೆಲ್ಲ ಎಲ್ಲಿಗೆ ಹೋದರು?

ವಿರೂಪಾಕ್ಷಯ್ಯ, ಬಳ್ಳಾರಿ

ಅವರಲ್ಲಿ ಬಹಳ ಜನ ಸತ್ತರು, ಹನುಮೇಶ ಅವರೆ. ಆ ಕುಗ್ಗಿದ ಸಂಖ್ಯೆಯನ್ನು ಗುಳೆಯ ಲೆಕ್ಕಕ್ಕೆ ಬರೆಯಬಾರದು. ಹಸಿವು, ಕಾಲರಾ, ಹುಟ್ಟದೆ ಹೋದ ಮಕ್ಕಳು, ಎಲ್ಲವೂ ಅದರಲ್ಲಿವೆ. ಕೂಲಿಯ ಹೋಲಿಕೆ ಮಾತ್ರ ನೀವು ಸರಿಯಾಗಿ ಹೇಳಿದ್ದೀರಿ.

ಆದರೂ ಸಾವಿರಾರು ಜನ ಕಾಫಿ ತೋಟಕ್ಕೆ ಹೋದರೆಂಬ ನಿಮ್ಮ ಮೊದಲ ಮಾತನ್ನು ನಾನು ಒಪ್ಪಲಾರೆ. ನನ್ನ ಕಾರಣ ಹೊಲದಲ್ಲಿದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಮುಖ್ಯವಾಗಿ ಜನ ಬಂದದ್ದು ಮೈಸೂರು, ಹಾಸನದ ಕಡೆಯಿಂದ, ಘಟ್ಟದ ಕೆಳಗಿನ ತುಳುನಾಡಿನಿಂದ, ಮತ್ತು ಮಲಬಾರಿನಿಂದ. ಕಾಫಿ ಹಣ್ಣಾಗುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಹಳೆ ಮೈಸೂರಿನ ರಾಗಿ ಅಷ್ಟು ಹೊತ್ತಿಗೆ ಕೊಯ್ಲಾಗುತ್ತದೆ, ಆಳು ಬಿಡುವಾಗುತ್ತಾನೆ, ಬೇಸಿಗೆ ಮಳೆ ಬಿದ್ದು ಜ್ವರ ಏರುವ ಮೊದಲು ಊರಿಗೆ ಮರಳುತ್ತಾನೆ. ನಮ್ಮ ಎರೆ ಹೊಲದ ಲೆಕ್ಕ ಇದಕ್ಕೆ ವಿರುದ್ಧವಾದದ್ದು. ನಾವು ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಕೊಯ್ಯುವುದು ಫೆಬ್ರವರಿಯ ಹೊತ್ತಿಗೆ. ಕಾಫಿಗೆ ಕೈ ಬೇಕಾದಾಗ ಎರೆ ಹೊಲದವನ ಬೆಳೆ ನಿಂತಿರುತ್ತದೆ. ಮುಂಗಾರಿ ಬೆಳೆಯ ಮಸಾರಿ ಹೊಲದವನಿಗೆ ಮಾತ್ರ ಆ ತಿಂಗಳುಗಳಲ್ಲಿ ಬಿಡುವು. ಹಿಂಗಾರಿ ಪೂರ್ತಿ ಕೈಕೊಟ್ಟ ಬರದ ವರ್ಷದಲ್ಲಿ ಎಲ್ಲರಿಗೂ ಬಿಡುವು, ಅದು ಬಯಸದ ಬಿಡುವು.

ದಾರಿಯನ್ನೂ ನೋಡಿ. ಮದ್ರಾಸಿನಿಂದ ರಾಯಚೂರಿಗೆ ರೈಲು 1871ರಲ್ಲಿಯೇ ಬಂದಿತ್ತು. ಕೊಡಗಿಗೆ ಇಂದಿಗೂ ರೈಲಿಲ್ಲ. ಬಳ್ಳಾರಿಯಿಂದ ಮಡಿಕೇರಿಗೆ ನಾನೂರು ಕಿಲೋಮೀಟರಿನ ಆಸುಪಾಸು ನಡೆಯಬೇಕು, ಚಿಕ್ಕಮಗಳೂರಾದರೆ ಮುನ್ನೂರರ ಆಸುಪಾಸು. ಆದ್ದರಿಂದ, ಗವಿಸಿದ್ಧಮ್ಮನವರೆ, ನಿಮ್ಮ ಹಿರಿಯರು ಹೋದದ್ದು ನಿಜವಾದರೆ ಚಿತ್ರದುರ್ಗ, ಕಡೂರಿನ ದಾರಿಯಲ್ಲಿ ಬಾಬಾಬುಡನ್‌ಗಿರಿಯ ಕಡೆಗೇ ಹೋಗಿರಬಹುದೆಂದು ನನ್ನ ಊಹೆ.

"ಘಟ್ಟ" ಎಂಬ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ತುಳುನಾಡಿನವರು ತೋಟಕ್ಕೆ ಹೋಗುವುದನ್ನು ಘಟ್ಟಕ್ಕೆ ಹೋಗುವುದು ಎನ್ನುತ್ತಿದ್ದರು, ಏಕೆಂದರೆ ಅವರು ಘಟ್ಟವನ್ನು ಹತ್ತಿ ಹೋಗಬೇಕಾಗಿತ್ತು. ನಮ್ಮ ಕಡೆಯವರು ಮಲೆನಾಡಿಗೆ ಹೋದರು ಎನ್ನುವುದೇ ಹೆಚ್ಚು. ನಿಮ್ಮ ಮನೆಯವರ ಬಾಯಿಗೆ ಆ ಶಬ್ದ ಬಂದದ್ದು ಎಲ್ಲಿಂದ?

ಫಾತಿಮಾ, ರಾಯಚೂರು

ಸರ್, ಆ ಶಬ್ದವನ್ನು ತೋಟದಲ್ಲಿ ಜೊತೆಗಿದ್ದ ತುಳು ಆಳುಗಳಿಂದ ಕಲಿತು, ಊರಿಗೆ ಬಂದ ಎರಡು ಸಲದಲ್ಲಿ ಅವರೇ ಹೇಳಿರಬಹುದಲ್ಲವೆ? ಹಾಗಾದರೆ ಅದು ನಿಮ್ಮ ಸಂಶಯಕ್ಕೆ ವಿರುದ್ಧವಾದ ಸಾಕ್ಷಿಯಾಗುತ್ತದೆ.

ಜನಗಣತಿಯಲ್ಲಿ ಹುಟ್ಟಿದ ಜಿಲ್ಲೆಯ ಪಟ್ಟಿಗಳಿರುತ್ತವೆ, ಅಲ್ಲಿ ಹುಡುಕಬಹುದು. ಆದರೆ ಅವುಗಳನ್ನು ಓದುವಾಗ ಗಣತಿಯ ದಿನವನ್ನು ನೋಡಬೇಕು. 1881ರದು ಫೆಬ್ರವರಿ 17ರಂದು ನಡೆಯಿತು, 1901ರದು ಮಾರ್ಚ್ 1ರಂದು. ಮೊದಲನೆಯದು ಕೊಯ್ಲಿನ ಕೊನೆಯ ದಿನಗಳು, ಎರಡನೆಯದರ ಹೊತ್ತಿಗೆ ಕೊಯ್ಲಿನ ಆಳುಗಳು ಹೊರಟಿರುವ ಸಂಭವವಿದೆ. ಹತ್ತು ಹನ್ನೆರಡು ದಿನದ ಅಂತರದಲ್ಲಿ ತೋಟದ ಸಾಲುಮನೆಗಳು ಖಾಲಿಯಾಗುತ್ತವೆ. ಆ ಪಟ್ಟಿಯಲ್ಲಿ ಒಂದು ಜಿಲ್ಲೆಯವರು ಕಡಿಮೆ ಕಂಡರೆಂದು ಅವರು ಬಂದೇ ಇರಲಿಲ್ಲ ಎನ್ನಲಾಗದು.

ವಿರೂಪಾಕ್ಷಯ್ಯ, ಬಳ್ಳಾರಿ

ನೀವು ಹೇಳಿದ ರೀತಿಯಲ್ಲಿ ಆ ಶಬ್ದ ಬಂದಿರಬಹುದು. ನಾನು ಅದನ್ನು ಆ ಕಡೆಯಿಂದ ಯೋಚಿಸಿರಲಿಲ್ಲ. ಸಂಖ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ, ಒಬ್ಬ ವ್ಯಕ್ತಿಯ ವಿಷಯದಲ್ಲಿ ಅಲ್ಲ.

ಅಮರೇಶ, ಮಸ್ಕಿ

ಹೊಲದ ಮಾತು ಸರಿಯಾಗಿದೆ ಸರ್. ನನ್ನ ಜೊತೆ ಬರುವವರೆಲ್ಲ ಮಸಾರಿ ಹೊಲದವರು ಅಥವಾ ಹೊಲವೇ ಇಲ್ಲದವರು. ಕಾಲುವೆ ನೀರಿನ ಭತ್ತದ ಊರುಗಳಿಂದ ಒಬ್ಬರೂ ಬರುವುದಿಲ್ಲ. ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ, ಆದರೆ ಕಾರಣವೆಂದು ಯೋಚಿಸಿರಲಿಲ್ಲ.

ಗವಿಸಿದ್ಧಮ್ಮ ಅಕ್ಕ, ನಿಮ್ಮ ಹಿರಿಯರು ಯಾವ ಹಬ್ಬಕ್ಕೆ ಊರು ಬಿಟ್ಟರು, ಯಾವ ಹಬ್ಬಕ್ಕೆ ಬಂದರು ಎಂದು ಮನೆಯಲ್ಲಿ ಕೇಳಿ ನೋಡಿ. ಇಸವಿ ಮರೆತರೂ ಹಬ್ಬ ಮರೆತಿರುವುದಿಲ್ಲ.

ಗವಿಸಿದ್ಧಮ್ಮ, ಕೊಪ್ಪಳ

ಅಮರೇಶ ಅವರು ಹೇಳಿದಂತೆ ನಿನ್ನೆ ಹಳ್ಳಿಗೆ ಹೋಗಿ ನಮ್ಮ ದೊಡ್ಡಮ್ಮನನ್ನು ಕೇಳಿದೆ. ಅವರಿಗೆ ತೊಂಬತ್ತರ ಹತ್ತಿರ ವಯಸ್ಸು, ಅವರ ಅತ್ತೆಯಿಂದ ಕೇಳಿದ್ದನ್ನು ಹೇಳಿದರು. ಎರಡು ಸಲವೂ ಆತ ಹೋದದ್ದು ದೀಪಾವಳಿಯ ಪಾಡ್ಯ ಮುಗಿಸಿಕೊಂಡು, ಬಂದದ್ದು ಹೋಳಿ ಹುಣ್ಣಿಮೆಯ ಆಚೀಚೆ. ನಮ್ಮ ಹಳೆಯ ಹೊಲ ಗುಡ್ಡದ ಬದಿಯ ಮಸಾರಿ ಹೊಲವೇ. ಎರೆ ಹೊಲವನ್ನು ನಮ್ಮ ಅಜ್ಜ ಆಮೇಲೆ ಕೊಂಡದ್ದು. ಎರಡೂ ನಿಮ್ಮೆಲ್ಲರ ಮಾತಿಗೆ ಹೊಂದುತ್ತವೆ.

ಆದರೆ ಮುಂಗಡವನ್ನು ಎಲ್ಲಿ ಪಡೆದನೆಂದು ಕೇಳಿದಾಗ ದೊಡ್ಡಮ್ಮ ಬಳ್ಳಾರಿಯ ಹೆಸರನ್ನಾಗಲಿ ಹೊಸಪೇಟೆಯ ಹೆಸರನ್ನಾಗಲಿ ಹೇಳಲಿಲ್ಲ, ಮೇಸ್ತ್ರಿ ನಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತು ಎಣಿಸಿ ಕೊಟ್ಟನಂತೆ ಎಂದರು. ಹಾಗಾದರೆ ಅವನು ನದಿ ದಾಟಿ ಬಂದಿದ್ದ. ಮೂರನೆಯ ಸಲ ಆತ ಮರಳದೆ ಇದ್ದಾಗ ಅದೇ ಮೇಸ್ತ್ರಿ ಮತ್ತೆ ಬಂದು, ಉಳಿದ ಬಾಕಿಗೆ ಒಂದು ಹೋರಿಯನ್ನು ಹೊಡೆದುಕೊಂಡು ಹೋದನಂತೆ. ಆತನಿಗೆ ಏನಾಯಿತೆಂದು ಮನೆಯವರು ಕೇಳಿದ್ದಕ್ಕೆ ಜ್ವರ ಎಂದಷ್ಟೇ ಹೇಳಿದನಂತೆ.